‘ಔಷಧ’ ಹೋಗಿ ‘ಔಪದ’ವಾದದ್ದು: ಫೋಟೊ ಮೇಲೆ ಅಕ್ಷರ ನಿಲ್ಲಿಸುವ ಲೆಕ್ಕ

ಶಿರಸಿ ಪೇಟೆಯಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಕಳೆದ ಮಳೆಗಾಲದಲ್ಲಿ ಹೋಂಸ್ಟೇ ನಡೆಸುವ ಯಜಮಾನರೊಬ್ಬರು ಬಂದರು. ಅವರ ಮೊಬೈಲಿನಲ್ಲಿ ಒಂದು ಫೋಟೊ ಇತ್ತು. ತಮ್ಮದೇ ಅಡಿಕೆ ತೋಟದ ನಡುವೆ ನಿಂತು, ಕ್ಯಾಮೆರಾವನ್ನು ಆಕಾಶಕ್ಕೆ ಹಿಡಿದು ತೆಗೆದದ್ದು. ನೆಟ್ಟಗೆ ಏರಿದ ಮರಗಳು, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ತುದಿಯಲ್ಲಿ ಒಂದರೊಳಗೊಂದು ಹೆಣೆದುಕೊಂಡ ಸೋಗೆ, ಸೋಗೆಯ ಸಂದಿಯಲ್ಲಿ ಚೂರುಚೂರಾಗಿ ಬೆಳ್ಳಗೆ ಕಾಣುವ ಆಕಾಶ. ಚಂದದ ಚಿತ್ರವೇ. ‘ಇದರ ಮೇಲೆಯೇ ಎಲ್ಲವನ್ನೂ ಬರೆದುಕೊಡಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು’ ಎಂದರು. ದೊಡ್ಡ ಅಕ್ಷರದಲ್ಲಿ ‘ತೋಟದ ಮನೆಯಲ್ಲಿ ಎರಡು ದಿನ’, ಅದರ ಕೆಳಗೆ ಸಣ್ಣದಾಗಿ ‘ಔಷಧ ಸಸ್ಯಗಳ ಪರಿಚಯ, ತಂಬುಳಿ ಊಟ, ತೊಡೆದೇವು’. ಆ ದಿನ ಅಂಗಡಿಯಲ್ಲಿ ಗಡಿಬಿಡಿ. ಬಿಳಿ ಅಕ್ಷರ ಹಾಕಿ, ಸುತ್ತ ಕಪ್ಪು ಔಟ್‌ಲೈನ್ ಕೊಟ್ಟು, ಕಳಿಸಿಬಿಟ್ಟೆ.

ಮರುದಿನ ಯಜಮಾನರ ಫೋನು. ಬೆಂಗಳೂರಿನಲ್ಲಿರುವ ಅವರ ನಾದಿನಿ ಚಿತ್ರ ನೋಡಿ ಕೇಳಿದ್ದಳಂತೆ: ‘ಭಾವ, ಔಪದ ಸಸ್ಯ ಎಂದರೆ ಯಾವುದು?’

ನಾನು ಮೊಬೈಲಿನಲ್ಲಿ ತೆರೆದು ನೋಡಿದೆ. ಅವಳದು ತಪ್ಪಲ್ಲ. ಶಾಲೆಯಲ್ಲಿ ನಮಗೆಲ್ಲ ‘ಹೊಟ್ಟೆ ಸೀಳಿದ ಷ’ ಎಂದೇ ಕಲಿಸಿದ್ದಾರೆ. ಆ ಸೀಳು ಇಲ್ಲದಿದ್ದರೆ ಅದು ಪ. ಹಾಗೆಯೇ ಧ ಎಂಬ ಅಕ್ಷರದ ಬುಡದಲ್ಲಿರುವ ಪುಟ್ಟ ಗೆರೆ ಹೋದರೆ ಅದು ದ. ‘ಔಷಧ’ ಎಂಬ ಮೂರಕ್ಷರದ ಪದದಲ್ಲಿ ಇಂಥ ಸೀಳು ಎರಡು. ಚಿತ್ರದ ಅಗಲ 1080 ಪಿಕ್ಸೆಲ್. ಮೊಬೈಲ್ ತೆರೆಯ ಮೇಲೆ ಅದು ಸುಮಾರು ಏಳು ಸೆಂಟಿಮೀಟರ್. ಸಣ್ಣ ಸಾಲಿನ ಅಕ್ಷರಗಳ ಎತ್ತರ ನಲವತ್ತು ಪಿಕ್ಸೆಲ್, ಅಂದರೆ ಮೂರು ಮಿಲಿಮೀಟರಿಗೂ ಕಡಿಮೆ. ಅದರೊಳಗಿನ ಸೀಳಿಗೆ ಸಿಗುವುದು ಎರಡು ಮೂರು ಪಿಕ್ಸೆಲ್ ಅಷ್ಟೆ. ನಾನು ಕೊಟ್ಟ ಔಟ್‌ಲೈನ್ ಅಕ್ಷರದ ಹೊರಗೆ ಮಾತ್ರ ನಿಲ್ಲಲಿಲ್ಲ. ಹೊಟ್ಟೆಯೊಳಗಿನ ಖಾಲಿ ಜಾಗಕ್ಕೂ ನುಗ್ಗಿ ಎಲ್ಲವನ್ನೂ ಕಲಸಿಹಾಕಿತು. ಇಂಗ್ಲಿಷ್ ಅಕ್ಷರಗಳಿಗೆ ಔಟ್‌ಲೈನ್ ಕೊಟ್ಟು ಪಾರಾಗುವವರನ್ನು ನೋಡಿ ನಾವೂ ಕೊಡುತ್ತೇವೆ. ಕನ್ನಡದ ಅಕ್ಷರಗಳಲ್ಲಿ ಸುರುಳಿ, ಕೊಕ್ಕೆ, ಒಳಗಿನ ಕಿಂಡಿಗಳು ಹೆಚ್ಚು. ಸಣ್ಣ ಗಾತ್ರದಲ್ಲಿ ಔಟ್‌ಲೈನ್ ನಮಗೆ ಒಗ್ಗುವುದಿಲ್ಲ.

ಆದರೆ ಔಟ್‌ಲೈನ್ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗದ್ದಲದ ಫೋಟೊ ಮೇಲೆ ಅಕ್ಷರ ಓದಲಾಗದಿರುವುದಕ್ಕೆ ಬೇರೆ ಬೇರೆಯಾದ ಎರಡು ಕಾರಣಗಳಿವೆ, ನಾವು ಎರಡನ್ನೂ ಒಂದೇ ಎಂದುಕೊಂಡು ಒಂದೇ ಮದ್ದು ಹಾಕುತ್ತೇವೆ. ಮೊದಲನೆಯದು ಬೆಳಕು: ಬಿಳಿ ಅಕ್ಷರದ ಹಿಂದೆ ಬಿಳಿ ಆಕಾಶ ಬಂದರೆ ಅಕ್ಷರ ಕಾಣುವುದಿಲ್ಲ. ಎರಡನೆಯದು ಗದ್ದಲ: ಸೋಗೆಯ ಒಂದೊಂದು ಗರಿಯೂ ಅಕ್ಷರದ ಗೆರೆಯಷ್ಟೇ ದಪ್ಪವಾಗಿದ್ದರೆ, ಯಾವುದು ಅಕ್ಷರದ ಗೆರೆ, ಯಾವುದು ಗರಿ ಎಂದು ಕಣ್ಣು ಪ್ರತಿ ಸಲವೂ ಬಿಡಿಸಿಕೊಳ್ಳಬೇಕು. ಚಿತ್ರದಲ್ಲಿರುವ ವಸ್ತುಗಳು ಅಕ್ಷರಕ್ಕಿಂತ ತುಂಬ ದೊಡ್ಡವಾಗಿದ್ದರೆ ತೊಂದರೆ ಇಲ್ಲ. ಯಾಣದ ಕಪ್ಪು ಬಂಡೆಯ ಮೈಮೇಲೆ ಏನು ಬರೆದರೂ ಕಾಣುತ್ತದೆ. ಅಕ್ಷರದ ಗೆರೆಯೂ ಚಿತ್ರದ ಗೆರೆಯೂ ಒಂದೇ ಅಳತೆಯವಾದಾಗಲೇ ಜಗಳ.

ಮೊದಲು ಬೆಳಕಿನ ವಿಚಾರ ಮುಗಿಸೋಣ, ಇದಕ್ಕೆ ಲೆಕ್ಕವಿದೆ. ಜಾಲತಾಣಗಳ ಸುಗಮ್ಯತೆಗಾಗಿ ಇರುವ WCAG ಮಾರ್ಗಸೂಚಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಒಂದು ಅನುಪಾತವಾಗಿ ಹೇಳುತ್ತದೆ. ಬಿಳಿಯ ಮೇಲೆ ಬಿಳಿ ಎಂದರೆ 1, ಕಪ್ಪಿನ ಮೇಲೆ ಬಿಳಿ ಎಂದರೆ 21. ಸಾಧಾರಣ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಲೆಕ್ಕವನ್ನು ಕೈಯಲ್ಲಿ ಮಾಡಬೇಕಾಗಿಲ್ಲ. ಎರಡು ಬಣ್ಣ ಕೊಟ್ಟರೆ ಅನುಪಾತ ಹೇಳುವ ಉಪಕರಣಗಳು ಬಹಳಷ್ಟಿವೆ. ನೆನಪಿಡಬೇಕಾದ ಸಂಖ್ಯೆ ಒಂದೇ. ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ ಬೂದು ಬಣ್ಣ 118ಕ್ಕಿಂತ ಮೇಲೇರಿದರೆ ಅದರ ಮೇಲಿನ ಬಿಳಿ ಅಕ್ಷರ 4.5ರ ಗೆರೆಯಿಂದ ಕೆಳಗೆ ಬೀಳುತ್ತದೆ.

ಇದರಿಂದಲೇ ಇನ್ನೊಂದು ಉಪಯೋಗದ ಸಂಖ್ಯೆ ಹೊರಡುತ್ತದೆ. ಫೋಟೊ ಮೇಲೆ ಕಪ್ಪು ಲೇಯರ್ ಹಾಕಿ ಅದರ ಒಪಾಸಿಟಿಯನ್ನು, ಅಂದರೆ ಗಾಢತೆಯನ್ನು, 54 ಪ್ರತಿಶತಕ್ಕೆ ಇಟ್ಟರೆ, ಅಪ್ಪಟ ಬಿಳಿ ಚುಕ್ಕೆಯೂ 255ರಿಂದ 117ಕ್ಕೆ ಇಳಿಯುತ್ತದೆ. ಅಂದರೆ ಕೆಳಗೆ ಯಾವ ಫೋಟೊ ಇದ್ದರೂ ಬಿಳಿ ಅಕ್ಷರ ನಿಯಮಕ್ಕೆ ಪಾಸು. ದೊಡ್ಡ ಶೀರ್ಷಿಕೆಗೆ 42 ಪ್ರತಿಶತ ಸಾಕು. ಅನೇಕರು 20, 30 ಪ್ರತಿಶತ ಹಾಕಿ, ಫೋಟೊ ಒಟ್ಟಾರೆ ಮಬ್ಬಾಗಿ ಕಂಡದ್ದಕ್ಕೆ ಸಮಾಧಾನಪಟ್ಟುಕೊಳ್ಳುತ್ತಾರೆ. ಒಟ್ಟಾರೆಯ ಮಾತು ಇಲ್ಲಿ ನಡೆಯುವುದಿಲ್ಲ. ಅಕ್ಷರದ ಹಿಂದೆ ಅತಿ ಬೆಳ್ಳಗಿರುವ ಚುಕ್ಕೆ ಯಾವುದೋ ಅದನ್ನೇ ಬಣ್ಣದ ಸಂಖ್ಯೆ ಹೇಳುವ ಐಡ್ರಾಪರ್‌ನಿಂದ ಮುಟ್ಟಿ ನೋಡಬೇಕು. ಅಕ್ಷರ ಕೆಡುವುದು ಸರಾಸರಿಯಲ್ಲಿ ಅಲ್ಲ, ಆ ಚುಕ್ಕೆಯಲ್ಲಿ.

ಸರಿ, ಯಜಮಾನರ ತೋಟಕ್ಕೆ 54 ಪ್ರತಿಶತ ಕಪ್ಪು ಹಾಕಿದೆ. ಆಕಾಶದ ಚೂರು 117 ಆಯಿತು. ಮೊದಲು 40ರ ಆಸುಪಾಸಿನಲ್ಲಿದ್ದ ಸೋಗೆಯ ನೆರಳು 18 ಆಯಿತು. ಅಕ್ಷರಕ್ಕೂ ಆಕಾಶದ ಚೂರಿಗೂ ನಡುವಿನ ಅನುಪಾತ 4.6. ನಿಯಮದ ಪ್ರಕಾರ ಕೆಲಸ ಮುಗಿಯಿತು. ಆದರೆ ಆಕಾಶದ ಚೂರಿಗೂ ಸೋಗೆಗೂ ನಡುವಿನ ಅನುಪಾತ ಎಷ್ಟು? ಲೆಕ್ಕ ಹಾಕಿದರೆ 4.1. ಅಂದರೆ ಅಕ್ಷರ ಎಷ್ಟು ಜೋರಾಗಿ ಕೂಗುತ್ತಿದೆಯೋ ಹಿಂದಿನ ಚೂರುಗಳೂ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಕೂಗುತ್ತಿವೆ. ‘ಔಷಧ’ ಈಗ ಓದಬಹುದು, ಆದರೆ ಕಣ್ಣು ಕಿರಿದು ಮಾಡಿ ಓದಬೇಕು. ಮೇಲಾಗಿ ಮಳೆಗಾಲದ ಹಸಿರು ತೋಟ ಅಮಾವಾಸ್ಯೆಯ ತೋಟವಾಯಿತು. ಗ್ರಾಹಕರನ್ನು ಕರೆಯುವ ಚಿತ್ರಕ್ಕೆ ಅದು ತಕ್ಕದ್ದಲ್ಲ.

ಕಪ್ಪು ಲೇಯರ್ ಬೆಳಕನ್ನು ತಗ್ಗಿಸುತ್ತದೆ, ಗದ್ದಲವನ್ನು ಅಳಿಸುವುದಿಲ್ಲ. ಗದ್ದಲಕ್ಕೆ ಬೇಕಾದದ್ದು ಬ್ಲರ್.

ಬ್ಲರ್ ಮಾಡುವುದೆಂದರೆ ಪ್ರತಿ ಪಿಕ್ಸೆಲ್ಲನ್ನೂ ಅದರ ಅಕ್ಕಪಕ್ಕದವುಗಳ ಜತೆ ಬೆರೆಸುವುದು. ಎಷ್ಟು ದೂರದವರೆಗೆ ಬೆರೆಸಬೇಕು ಎಂಬುದನ್ನು ರೇಡಿಯಸ್ ಹೇಳುತ್ತದೆ. ರೇಡಿಯಸ್ 3, 4 ಇಟ್ಟರೆ ಫೋಕಸ್ ತಪ್ಪಿದ ಫೋಟೊದಂತೆ ಕಾಣುತ್ತದೆಯೇ ಹೊರತು ಅಕ್ಷರಕ್ಕೆ ಉಪಕಾರವಿಲ್ಲ, ಗರಿಗಳು ಮಸುಕಾದ ಗರಿಗಳಾಗಿ ಅಲ್ಲೇ ಉಳಿಯುತ್ತವೆ. ನಾನು ಇಟ್ಟುಕೊಂಡಿರುವ ಅಂದಾಜು ಅಕ್ಷರದ ಎತ್ತರದ ಅರ್ಧ. ನಲವತ್ತು ಪಿಕ್ಸೆಲ್ ಅಕ್ಷರಕ್ಕೆ ಇಪ್ಪತ್ತರ ಬ್ಲರ್. ಆಗ ಅಕ್ಷರದ ಗೆರೆಯಷ್ಟು ಸಣ್ಣದಾದದ್ದು ಹಿಂದೆ ಏನೂ ಉಳಿಯುವುದಿಲ್ಲ, ದೊಡ್ಡ ದೊಡ್ಡ ಮೆದು ಕಲೆಗಳು ಮಾತ್ರ ಇರುತ್ತವೆ. ಹೆಚ್ಚಿನ ಜನ ಬ್ಲರ್‌ಗೆ ಅಂಜಿ ಕಡಿಮೆ ಇಟ್ಟು, ಆಮೇಲೆ ‘ಬ್ಲರ್ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ’ ಎನ್ನುತ್ತಾರೆ.

ಬ್ಲರ್‌ನಿಂದ ಇನ್ನೊಂದು ಲಾಭವೂ ಇದೆ, ಅದು ಮೇಲ್ನೋಟಕ್ಕೆ ಹೊಳೆಯುವುದಿಲ್ಲ. ತೋಟದ ಚಿತ್ರದಲ್ಲಿ ಅರ್ಧ ಜಾಗ 255ರ ಆಕಾಶ, ಅರ್ಧ 40ರ ಸೋಗೆ ಎಂದು ಇಟ್ಟುಕೊಳ್ಳಿ. ಎರಡೂ ಚೆನ್ನಾಗಿ ಬೆರೆತರೆ ಸುಮಾರು 147ರ ಬೂದು ಸಿಗುತ್ತದೆ. ಅದರ ಮೇಲೆ ಬಿಳಿ ಅಕ್ಷರದ ಅನುಪಾತ 3 ಚಿಲ್ಲರೆ. ಸಾಲದು, ಬ್ಲರ್ ಒಂದರಿಂದಲೇ ಅಕ್ಷರ ಎದ್ದು ಕಾಣುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ 147ನ್ನು 118ಕ್ಕೆ ಇಳಿಸಲು ಬೇಕಾದ ಕಪ್ಪು 20 ಪ್ರತಿಶತ ಮಾತ್ರ. ಬ್ಲರ್ ಇಲ್ಲದಿದ್ದರೆ 54 ಬೇಕಿತ್ತು. ಅತಿ ಬೆಳ್ಳಗಿನ ಚುಕ್ಕೆಯನ್ನು ಬ್ಲರ್ ಮೊದಲೇ ತಗ್ಗಿಸಿಕೊಟ್ಟದ್ದರಿಂದ ಕಪ್ಪಿನ ಪಾಲು ಉಳಿಯಿತು, ಹಸಿರು ಹಸಿರಾಗಿಯೇ ಇತ್ತು.

ಕಾಗದದ ಲೆಕ್ಕ ಹೀಗೆ. ನಿಜದ ಫೋಟೊದಲ್ಲಿ ಆಕಾಶದ ಚೂರುಗಳು ಸಮನಾಗಿ ಹರಡಿರುವುದಿಲ್ಲ. ಯಜಮಾನರ ಚಿತ್ರದ ಬಲಭಾಗದಲ್ಲಿ ಒಂದು ಮರ ಬಿದ್ದುಹೋದ ಜಾಗವಿತ್ತು, ಅಲ್ಲಿ ಆಕಾಶ ಅಂಗೈಯಗಲ ತೆರೆದುಕೊಂಡಿತ್ತು. ಅಷ್ಟು ದೊಡ್ಡ ಬಿಳಿಯನ್ನು ಇಪ್ಪತ್ತರ ಬ್ಲರ್ ಕರಗಿಸುವುದಿಲ್ಲ, ಅಂಚನ್ನು ಮಾತ್ರ ಮೆದು ಮಾಡುತ್ತದೆ. ಸಾಲುಗಳನ್ನು ಎಡಕ್ಕೆ ಸರಿಸಿ ಆ ಕಿಂಡಿಯಿಂದ ದೂರ ಮಾಡಿದೆ. ಬ್ಲರ್ ಆದ ಮೇಲೆ ಅಕ್ಷರದ ಹಿಂದಿನ ಜಾಗವನ್ನೆಲ್ಲ ಐಡ್ರಾಪರ್‌ನಿಂದ ಮುಟ್ಟುತ್ತ ಹೋದೆ. ಅತಿ ಬೆಳ್ಳಗಿನ ಜಾಗ 190 ತೋರಿಸಿತು. 40 ಪ್ರತಿಶತ ಕಪ್ಪು ಹಾಕಿದಾಗ ಅದು 114 ಆಯಿತು, ಅನುಪಾತ 4.8. ಅಲ್ಲಿಗೆ ನಿಲ್ಲಿಸಿದೆ. ಅಳೆಯುವುದು ಯಾವಾಗಲೂ ಬ್ಲರ್ ಆದ ಮೇಲೆಯೇ ಆಗಬೇಕು, ಏಕೆಂದರೆ ಪಕ್ಕದ ಬೆಳಕು ಬ್ಲರ್ ಮೂಲಕ ಒಳಗೆ ಹರಿದು ಬಂದಿರುತ್ತದೆ.

ಬ್ಲರ್ ಮಾಡಿದ ಜಾಗಕ್ಕೆ ಚೌಕಟ್ಟಿನಂತೆ ನೇರ ಅಂಚು ಕೊಡಬಹುದು, ಆಗ ಮಂಜುಗಾಜು ಇಟ್ಟಂತೆ ಕಾಣುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಅಂಚನ್ನು ಮಾಸ್ಕ್‌ನಿಂದ ನಿಧಾನವಾಗಿ ಕರಗಿಸುವುದು. ಬೆಳಗಿನ ಹೊತ್ತು ತೋಟದಲ್ಲಿ ಮಂಜು ಇಳಿದಂತೆ ಬರುತ್ತದೆ, ನೋಡುವವರಿಗೆ ಅಲ್ಲೊಂದು ಕೈಚಳಕ ನಡೆದಿದೆ ಎಂದು ಗೊತ್ತಾಗುವುದಿಲ್ಲ. ಜಾಲತಾಣದಲ್ಲಾದರೆ ಮಂಜುಗಾಜು ಸುಲಭ, ಆದರೆ ಒಂದು ಎಚ್ಚರಿಕೆ ಬೇಕು. ಹಳೆಯ ಬ್ರೌಸರ್‌ನಲ್ಲಿ ಬ್ಲರ್ ನಡೆಯದಿದ್ದರೆ ಬರೀ 40 ಪ್ರತಿಶತದ ಕಪ್ಪು ಉಳಿದು, ಬಿಳಿ ಚುಕ್ಕೆಯ ಮೇಲೆ ಅನುಪಾತ 3ಕ್ಕಿಂತ ಕೆಳಗೆ ಹೋಗುತ್ತದೆ. ಆದ್ದರಿಂದ ಮೊದಲು ಗಟ್ಟಿ ಕಪ್ಪು ಕೊಟ್ಟು, ಬ್ಲರ್ ನಡೆಯುವ ಕಡೆ ಮಾತ್ರ ತೆಳುವಾಗಿಸಬೇಕು:

```css
.baraha { color: #fff; background: rgb(0 0 0 / 0.6); }

@supports (backdrop-filter: blur(20px)) {
  .baraha {
    background: rgb(0 0 0 / 0.4);
    backdrop-filter: blur(20px);
  }
}
```

ಹಾಗಾದರೆ ಎಲ್ಲರೂ ಹಾಕುವ ಗ್ರೇಡಿಯೆಂಟ್, ಅಂದರೆ ಒಂದು ಕಡೆ ಗಾಢವಾಗಿದ್ದು ಇನ್ನೊಂದು ಕಡೆಗೆ ಕರಗುತ್ತ ಹೋಗುವ ಕಪ್ಪಿನ ಇಳಿಜಾರು, ಯಾವಾಗ? ಚಿತ್ರದಲ್ಲಿ ಬೆಳಕಿನ ತೊಂದರೆ ಇದ್ದು ಗದ್ದಲ ಇಲ್ಲದಿರುವಾಗ. ಇದಕ್ಕೆ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕು. ಟಾಗೋರ್ ಕಡಲತೀರದಲ್ಲಿ ಸಂಜೆ ತೆಗೆದ ಯಾವ ಫೋಟೊವನ್ನಾದರೂ ನೋಡಿ. ಮೇಲೆ ಆಕಾಶ, ನಡುವೆ ಕೂರ್ಮಗಡ ದ್ವೀಪದ ಗುಡ್ಡದ ಗೆರೆ, ಕೆಳಗೆ ಸಮುದ್ರ, ಮರಳು. ಎಲ್ಲವೂ ಅಡ್ಡಡ್ಡ ಪಟ್ಟಿ. ಬೆಳಕು ಮೇಲಿನಿಂದ ಕೆಳಕ್ಕೆ ತಾನಾಗಿಯೇ ಬದಲಾಗುತ್ತಿರುತ್ತದೆ, ಅದರ ಮೇಲೆ ಇನ್ನೊಂದು ಇಳಿಜಾರು ಹಾಕಿದರೆ ಸಂಜೆ ಸ್ವಲ್ಪ ಗಾಢವಾದಂತೆ ಕಾಣುತ್ತದೆ, ಅಷ್ಟೆ. ಅಡಿಕೆ ತೋಟದ ಮೇಲೆ ಹಾಕಿದರೆ ಯಾರೋ ಮಸಿ ಚೆಲ್ಲಿದಂತೆ ಕಾಣುತ್ತದೆ.

ಆದರೂ ಕಾರವಾರದ ಫೋಟೊಗಳಲ್ಲಿ ಅರ್ಧಕ್ಕರ್ಧ ಕಡೆ ಗ್ರೇಡಿಯೆಂಟ್ ಕೈಕೊಟ್ಟಿರುತ್ತದೆ ಎಂದು ನನ್ನ ಅನಿಸಿಕೆ. ನಮ್ಮ ಕಡಲು ಪಶ್ಚಿಮಕ್ಕಿದೆ. ಸಂಜೆಯ ಸೂರ್ಯನ ಹೊಳಪು ನೀರಿನ ಮೇಲೆ ಉದ್ದವಾದ ಬೆಳ್ಳಿ ದಾರಿಯಾಗಿ ಫೋಟೊದ ಕೆಳಭಾಗಕ್ಕೇ ಬಂದು ಬೀಳುತ್ತದೆ, ಸರಿಯಾಗಿ ನಾವು ಅಕ್ಷರ ಇಡುವ ಕಡೆಗೆ. ಅಲ್ಲಿ ಚುಕ್ಕೆಗಳು 255 ಇರುತ್ತವೆ. ಈಗ ರೂಢಿಯ ಗ್ರೇಡಿಯೆಂಟ್ ಹಾಕಿ: 1350 ಪಿಕ್ಸೆಲ್ ಎತ್ತರದ ಚಿತ್ರದ ಕೆಳಗಿನ ಅರ್ಧಕ್ಕೆ, ಬುಡದಲ್ಲಿ 70 ಪ್ರತಿಶತ ಕಪ್ಪು, ನಡುವಿಗೆ ಬರುವಷ್ಟರಲ್ಲಿ ಸೊನ್ನೆ. ನೋಡಲು ಧಾರಾಳವಾಗಿಯೇ ಇದೆ. ಆದರೆ 70ರಿಂದ ಆರಂಭಿಸಿ 54ಕ್ಕೆ ಇಳಿಯುವುದು ಎಲ್ಲಿ? ಬುಡದಿಂದ ಸುಮಾರು 155 ಪಿಕ್ಸೆಲ್ ಮೇಲೆ. 675 ಪಿಕ್ಸೆಲ್ ಉದ್ದದ ಇಳಿಜಾರಿನಲ್ಲಿ ಬಿಳಿ ಹೊಳಪಿನ ಮೇಲೂ ಭರವಸೆ ಇಡಬಹುದಾದ ಜಾಗ ಅಷ್ಟು ಮಾತ್ರ. ಮೂರು ಸಾಲು ಬರೆದರೆ ಮೇಲಿನ ಸಾಲು ಆಗಲೇ ಹೊರಗೆ ಬಿತ್ತು. ಕೆಳಗಿನ ಸಾಲು ಸ್ಪಷ್ಟ, ಮೇಲಿನದು ತೇಲಿಹೋದಂತೆ ಕಾಣುವ ಪೋಸ್ಟರುಗಳ ಗುಟ್ಟು ಇದು. ಮೇಲಿನ ಸಾಲೇ ಸಾಮಾನ್ಯವಾಗಿ ಶೀರ್ಷಿಕೆ ಬೇರೆ.

ಪರಿಹಾರವೆಂದರೆ ಇಳಿಜಾರನ್ನು ಅಕ್ಷರದ ಕೆಳಗೆ ಆರಂಭಿಸದೆ, ಅಕ್ಷರ ಮುಗಿದ ಮೇಲೆ ಆರಂಭಿಸುವುದು. ಸಾಲುಗಳಿರುವಷ್ಟು ಎತ್ತರಕ್ಕೆ ಕಪ್ಪು ಹೆಚ್ಚುಕಡಿಮೆ ಸಮನಾಗಿರಲಿ, ಅದರ ಮೇಲೆ ಖಾಲಿ ಜಾಗದಲ್ಲಿ ಕರಗಲಿ. ಕರಗುವುದೂ ಒಂದೇ ವೇಗದಲ್ಲಿ ಆದರೆ, ಇಳಿಜಾರು ಮುಗಿಯುವಲ್ಲಿ ಒಂದು ತೆಳು ಗೆರೆ ಎಳೆದಂತೆ ಕಣ್ಣಿಗೆ ಬೀಳುತ್ತದೆ; ನಡುವೆ ಒಂದೆರಡು ಮೆಟ್ಟಿಲು ಸೇರಿಸಿ ಕೊನೆಯನ್ನು ನಿಧಾನ ಮಾಡಬೇಕು. ಬಣ್ಣವೂ ಬರೀ ಕಪ್ಪಾಗಿರಬೇಕಾಗಿಲ್ಲ. ಅದೇ ಫೋಟೊದ ನೆರಳಿನಿಂದ ಎತ್ತಿದ ಗಾಢ ನೀಲಿ ಹಾಕಿದರೆ ಸಮುದ್ರವೇ ಕಪ್ಪಾದಂತೆ ಹೊಂದಿಕೊಳ್ಳುತ್ತದೆ.

```css
background-image:
  linear-gradient(to top,
    rgb(8 28 40 / 0.7) 0%,
    rgb(8 28 40 / 0.65) 30%,
    rgb(8 28 40 / 0.25) 48%,
    rgb(8 28 40 / 0.08) 57%,
    rgb(8 28 40 / 0) 65%),
  url("karwar.jpg");
```

ಇಲ್ಲಿ ಬುಡದಿಂದ 30 ಪ್ರತಿಶತ ಎತ್ತರದವರೆಗೆ, ಅಂದರೆ 405 ಪಿಕ್ಸೆಲ್, ಅಕ್ಷರಕ್ಕೆ ಭದ್ರವಾದ ಜಾಗ. ಮೊದಲಿನ 155ರ ಜತೆ ಹೋಲಿಸಿ ನೋಡಿ. ಬಳಸಿದ ಕಪ್ಪು ಹೆಚ್ಚುಕಡಿಮೆ ಅಷ್ಟೇ ಗಾಢ, ಜಾಗ ಎರಡೂವರೆ ಪಟ್ಟು.

ಇನ್ನು ಕೆಲವು ಫೋಟೊಗಳಿಗೆ ಇವೆರಡೂ ಬೇಡ. ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ಅಂಗಡಿಗೆ ಬರುವ ಚಿತ್ರಗಳೆಲ್ಲ ಅಂಥವೇ: ರಥ, ಬಾವುಟ, ಬಲೂನು, ಲೈಟಿನ ಸರ, ಸಾವಿರ ಮುಖಗಳು. ಜನರ ಮುಖವನ್ನು ಬ್ಲರ್ ಮಾಡಿದರೆ ಜಾತ್ರೆಯೇ ಹೋಯಿತು, ಕತ್ತಲು ಮಾಡಿದರೆ ಬಣ್ಣ ಹೋಯಿತು. ಅಲ್ಲಿ ಗಟ್ಟಿ ಬಣ್ಣದ ಪೆಟ್ಟಿಗೆ ಹಾಕಿ, ಅದರೊಳಗೆ ಬರೆದು, ಉಳಿದ ಫೋಟೊವನ್ನು ಅದರ ಪಾಡಿಗೆ ಬಿಡುವುದೇ ಮರ್ಯಾದೆ. ವಿನ್ಯಾಸಗಾರರಿಗೆ ಪೆಟ್ಟಿಗೆ ಎಂದರೆ ತಾತ್ಸಾರ, ಸೋತವರ ದಾರಿ ಎಂಬ ಭಾವನೆ. ಹಾಗಾಗಿ ಪೆಟ್ಟಿಗೆಯನ್ನು ಅರ್ಧ ಪಾರದರ್ಶಕ ಮಾಡುತ್ತಾರೆ, ಒಳಗಿನಿಂದ ಬಲೂನು ಇಣುಕುತ್ತದೆ, ಬೆಳಕೂ ಗದ್ದಲವೂ ಎರಡೂ ವಾಪಸು ಬರುತ್ತವೆ. ಹಾಕುವುದಿದ್ದರೆ ಪೂರ್ತಿ ಗಟ್ಟಿ ಹಾಕಿ.

ಪೆಟ್ಟಿಗೆಯಲ್ಲಿ ಕನ್ನಡಕ್ಕೇ ಮೀಸಲಾದ ಒಂದು ಹಳ್ಳವಿದೆ. ಪ್ರತಿ ಸಾಲಿಗೂ ಅದರಷ್ಟೇ ಉದ್ದದ ಪ್ರತ್ಯೇಕ ಪಟ್ಟಿ ಹಾಕುವ ಶೈಲಿ ಈಗ ಎಲ್ಲೆಡೆ ಇದೆ. ಪಟ್ಟಿಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ತೆರೆಯ ಮೇಲೆ ಬ್ರೌಸರ್ ಒಂದು ಸಾಲಿನ ಪಟ್ಟಿ, ಅದರ ಅಕ್ಷರ, ಆಮೇಲೆ ಮುಂದಿನ ಸಾಲಿನ ಪಟ್ಟಿ, ಅದರ ಅಕ್ಷರ ಎಂದು ಬಿಡಿಸುತ್ತ ಹೋಗುತ್ತದೆ. ಮೊದಲ ಸಾಲಿನ ಒತ್ತಕ್ಷರ ಕೆಳಗೆ ಇಳಿಬಿದ್ದಿದ್ದರೆ ಎರಡನೆಯ ಸಾಲಿನ ಪಟ್ಟಿ ಅದರ ಮೇಲೆ ಕೂರುತ್ತದೆ. ‘ಶಾಸ್ತ್ರೀಯ ಸಂಗೀತ’ ಎಂದು ಬರೆದರೆ ಕೆಳಗಿನ ತ-ರಗಳ ಜೋಡಿ ಒತ್ತು ಅರ್ಧಕ್ಕೆ ತುಂಡಾಗುತ್ತದೆ. ಇಂಗ್ಲಿಷ್‌ನಲ್ಲಿ ಹೆಚ್ಚೆಂದರೆ ಒಂದು ಬಾಲ ಕತ್ತರಿಸಿಹೋಗುತ್ತದೆ, ಓದಿಗೆ ಅಡ್ಡಿಯಿಲ್ಲ. ನಮ್ಮಲ್ಲಿ ವ್ಯಂಜನವೇ ಮಾಯ. ಮಾದರಿಗೆ ‘ಊರ ದಾರಿ’ ಎಂಬಂಥ ಒತ್ತಿಲ್ಲದ ಪದ ಹಾಕಿ ಪರೀಕ್ಷಿಸಿದರೆ ಈ ದೋಷ ಕಾಣುವುದೂ ಇಲ್ಲ. ಪರೀಕ್ಷೆಗೆ ಯಾವಾಗಲೂ ಜೋಡಿ ಒತ್ತಿರುವ ಪದವನ್ನೇ ಮೊದಲ ಸಾಲಿನಲ್ಲಿಡಿ.

ಇದಕ್ಕೆ ನಾನು ಮಾಡುವುದು ಎರಡು. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಮಾಡುವುದಿಲ್ಲ, ಮತ್ತು ಸಾಲಿಗೊಂದು ಪಟ್ಟಿಯ ಬದಲು ಎಲ್ಲ ಸಾಲಿಗೂ ಸೇರಿ ಒಂದೇ ಪೆಟ್ಟಿಗೆ ಹಾಕುತ್ತೇನೆ. ಪೆಟ್ಟಿಗೆಯ ಒಳಗೆ ಮೇಲೆ ಬಿಡುವ ಜಾಗವನ್ನೂ ಕೆಳಗೆ ಬಿಡುವ ಜಾಗವನ್ನೂ ಸಂಖ್ಯೆಯಲ್ಲಿ ಸಮ ಮಾಡುವುದಿಲ್ಲ. ಕೊನೆಯ ಸಾಲಿನಲ್ಲಿ ಒತ್ತು ಇದ್ದರೆ ಕೆಳಗೆ ಇಕ್ಕಟ್ಟಾಗಿ ಕಾಣುತ್ತದೆ, ಅಲ್ಲಿ ಒಂದಿಷ್ಟು ಹೆಚ್ಚು. ಒತ್ತು ಇಲ್ಲದಿದ್ದರೆ ಕೆಳಗೆ ಖಾಲಿ ಎನಿಸುತ್ತದೆ, ಅಲ್ಲಿ ಒಂದಿಷ್ಟು ಕಡಿಮೆ. ಅದನ್ನು ಪ್ರತಿ ಸಲ ಕಣ್ಣಳತೆಯಲ್ಲೇ ಸರಿಮಾಡಬೇಕು. ಯಜಮಾನರ ಎರಡನೆಯ ಚಿತ್ರದಲ್ಲಿ ದೂರವಾಣಿ ಸಂಖ್ಯೆಯನ್ನು ಹೀಗೆಯೇ ಒಂದು ಗಾಢ ಹಸಿರು ಪೆಟ್ಟಿಗೆಯಲ್ಲಿ ಇಟ್ಟೆ, ‘ಔಷಧ’ವನ್ನು ಬ್ಲರ್ ಮೇಲೆ ಬಿಟ್ಟೆ. ಕಳಿಸುವ ಮೊದಲು ನಾದಿನಿಗೇ ಒಮ್ಮೆ ತೋರಿಸಿ ಎಂದೆ. ಅವಳು ಸಾಲುಗಳನ್ನೆಲ್ಲ ಸರಿಯಾಗಿ ಓದಿ, ತೊಡೆದೇವಿಗೆ ಬೇರೆ ದುಡ್ಡು ಕೊಡಬೇಕೇ ಎಂದು ಕೇಳಿದ್ದಾಳೆ.